ಗೇಟ್ ಮೊದಲು, ಉಳಿದದ್ದು ಆಮೇಲೆ

ಸಿಲಿಕಾನ್ ಚಿಪ್ಪಿನೊಳಗಿನ ಮಾಸ್ ಟ್ರಾನ್ಸಿಸ್ಟರಿಗೆ ಮೂರು ಮುಖ್ಯ ಭಾಗಗಳಿವೆ. ಎಲೆಕ್ಟ್ರಾನುಗಳು ಹೊರಡುವ ಜಾಗ ಸೋರ್ಸ್, ಹೋಗಿ ಸೇರುವ ಜಾಗ ಡ್ರೇನ್, ಇವೆರಡರ ನಡುವಿನ ಹಾದಿಯ ಮೇಲೆ ಕೂತು ಹರಿವನ್ನು ಬಿಡುವುದೋ ತಡೆಯುವುದೋ ಎಂದು ನಿರ್ಧರಿಸುವುದು ಗೇಟ್. ಪಠ್ಯಪುಸ್ತಕದ ಚಿತ್ರದಲ್ಲಿ ಗೇಟಿನ ಎಡ ಅಂಚಿನ ನೇರ ಕೆಳಗೆ ಸೋರ್ಸ್ ಮುಗಿದಿರುತ್ತದೆ, ಬಲ ಅಂಚಿನ ನೇರ ಕೆಳಗೆ ಡ್ರೇನ್ ಶುರುವಾಗುತ್ತದೆ. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಪರೀಕ್ಷೆಯಲ್ಲಿ ಈ ಚಿತ್ರವನ್ನು ಸ್ಕೇಲ್ ಇಟ್ಟು ಬರೆಯುತ್ತಾರೆ. ಆದರೆ ತಯಾರಿಕೆಯ ಕೋಣೆಯಲ್ಲಿ ಸ್ಕೇಲ್ ಇಲ್ಲ. ಕೂದಲೆಳೆಗಿಂತ ಹತ್ತು ಪಟ್ಟು ಸಣ್ಣ ಗೇಟಿನ ಎರಡೂ ಅಂಚಿಗೆ ಸೋರ್ಸು ಡ್ರೇನುಗಳು ಸರಿಯಾಗಿ ಬಂದು ಕೂಡುವುದು ಹೇಗೆ?

ಇದಕ್ಕೆ ಉತ್ತರ ಯಾವುದೇ ಒಂದು ಯಂತ್ರದಲ್ಲಿಲ್ಲ, ಕೆಲಸದ ಸರದಿಯಲ್ಲಿದೆ. ಆಕ್ಸಿಡೇಶನ್, ಫೋಟೊಲಿಥೊಗ್ರಫಿ, ಎಚ್ಚಿಂಗ್, ಅಯಾನ್ ಇಂಪ್ಲಾಂಟೇಶನ್ ಎಂಬ ನಾಲ್ಕು ಹಂತಗಳನ್ನು ಬಿಡಿಬಿಡಿಯಾಗಿ ಉರುಹೊಡೆದರೆ ಈ ವಿಷಯ ಕಾಣುವುದಿಲ್ಲ. ಒಂದೇ ಒಂದು ಟ್ರಾನ್ಸಿಸ್ಟರನ್ನು ಹಿಡಿದು ಮೊದಲಿಂದ ಕೊನೆಯವರೆಗೆ ಹಿಂಬಾಲಿಸಿದರೆ ಕಾಣುತ್ತದೆ. ಹಾಗಾಗಿ ಇಲ್ಲಿ 5 ಮೈಕ್ರಾನ್ ಉದ್ದದ ಗೇಟ್ ಇರುವ ಎನ್-ಮಾಸ್ ಟ್ರಾನ್ಸಿಸ್ಟರ್ ಒಂದನ್ನು ಮಾಡೋಣ. ಇಂದಿನ ಮೊಬೈಲ್ ಚಿಪ್ಪುಗಳ ಎದುರು ಇದು ದೈತ್ಯ ಗಾತ್ರದ್ದು. ಆದರೆ ವಿಶ್ವವಿದ್ಯಾಲಯದ ಕ್ಲೀನ್‌ರೂಮಿನಲ್ಲಿ ಮಾಡಬಹುದಾದದ್ದು, ನಾಲ್ಕೇ ಮಾಸ್ಕುಗಳಲ್ಲಿ ಮುಗಿಯುವಂಥದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಇಂಥ ಕೆಲಸಕ್ಕೆ ಬೇಕಾದ ಕ್ಲೀನ್‌ರೂಮ್ ಇದೆ.

ನಮ್ಮ ಕಚ್ಚಾವಸ್ತು 100 ಮಿಲಿಮೀಟರ್ ಅಗಲದ, ಅರ್ಧ ಮಿಲಿಮೀಟರಿಗಿಂತ ತುಸು ದಪ್ಪನಾದ ಸಿಲಿಕಾನ್ ಬಿಲ್ಲೆ, ಅಂದರೆ ವೇಫರ್. ಅದರಲ್ಲಿ ಘನ ಸೆಂಟಿಮೀಟರಿಗೆ 10¹⁵ ಬೋರಾನ್ ಪರಮಾಣುಗಳು ಬೆರೆತಿವೆ. ಈ ಅಂಕಿ ದೊಡ್ಡದಾಗಿ ಕಂಡರೂ, ಅಷ್ಟೇ ಜಾಗದಲ್ಲಿ ಸಿಲಿಕಾನ್ ಪರಮಾಣುಗಳು 5 × 10²² ಇರುತ್ತವೆ. ಲೆಕ್ಕ ಹಾಕಿದರೆ ಐದು ಕೋಟಿ ಸಿಲಿಕಾನಿಗೆ ಒಂದು ಬೋರಾನ್. ಇಷ್ಟೇ ಬೆರಕೆ ಇಡೀ ವೇಫರಿನ ವಿದ್ಯುತ್ ಗುಣವನ್ನು ನಿರ್ಧರಿಸುತ್ತದೆ ಎನ್ನುವುದನ್ನು ನೆನಪಿಟ್ಟುಕೊಂಡರೆ, ಮೊದಲ ಕೆಲಸ ತೊಳೆಯುವುದೇ ಯಾಕೆ ಎಂಬುದು ಅರ್ಥವಾಗುತ್ತದೆ. ಆರ್‌ಸಿಎ ಕಂಪನಿಯಲ್ಲಿದ್ದ ವರ್ನರ್ ಕೆರ್ನ್ 1965ರಲ್ಲಿ ರೂಪಿಸಿದ ಕ್ರಮವೇ ಇವತ್ತಿಗೂ ಬಳಕೆಯಲ್ಲಿದೆ. ಅಮೋನಿಯಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದ ಬಿಸಿ ನೀರಿನಲ್ಲಿ ಜಿಡ್ಡು, ಕಣಗಳು ಹೋಗುತ್ತವೆ. ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆರಾಕ್ಸೈಡಿನಲ್ಲಿ ಲೋಹದ ಕಲೆಗಳು ಹೋಗುತ್ತವೆ. ಈ ತೊಳೆತದಲ್ಲಿ ಕೊರೆಯಾದರೆ ಅದು ಈಗ ಗೊತ್ತಾಗುವುದಿಲ್ಲ, ಎಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ.

ಸಿಲಿಕಾನ್ ತಾನೇ ಬೆಳೆಸಿಕೊಳ್ಳುವ ಗಾಜು

ತೊಳೆದ ವೇಫರುಗಳನ್ನು ಕ್ವಾರ್ಟ್ಜ್ ಕೊಳವೆಯ ಕುಲುಮೆಗೆ ನಿಧಾನವಾಗಿ ತಳ್ಳಿ, 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಾವಿ ಹಾಯಿಸುತ್ತಾರೆ. ಸಿಲಿಕಾನ್ ಮೇಲ್ಮೈ ಆಕ್ಸಿಜನ್ನಿನೊಡನೆ ಕೂಡಿ ಸಿಲಿಕಾನ್ ಡೈಆಕ್ಸೈಡ್ ಆಗುತ್ತದೆ. ರಾಸಾಯನಿಕವಾಗಿ ಇದು ಗಾಜೇ. ಹೊರಗಿನಿಂದ ಬಳಿದ ಲೇಪ ಇದಲ್ಲ, ವೇಫರಿನ ಸಿಲಿಕಾನನ್ನೇ ತಿಂದು ಬೆಳೆಯುವ ಪದರ. 100 ನ್ಯಾನೊಮೀಟರ್ ಆಕ್ಸೈಡ್ ಬೆಳೆಯಲು ಸುಮಾರು 45 ನ್ಯಾನೊಮೀಟರ್ ಸಿಲಿಕಾನ್ ಖರ್ಚಾಗುತ್ತದೆ. ಹಾಗಾಗಿ ಸಿಲಿಕಾನ್ ಮತ್ತು ಆಕ್ಸೈಡ್ ಸೇರುವ ಗಡಿ ಯಾವಾಗಲೂ ಹೊಸದು, ಹಳೆಯ ಮೇಲ್ಮೈಗಿಂತ ಒಳಗೆ ಹುಟ್ಟಿದ್ದು, ಹೊರಗಿನ ಗಾಳಿ ಸೋಕದ್ದು. ಸಿಲಿಕಾನ್ ಈ ಉದ್ಯಮದ ವಸ್ತುವಾದದ್ದಕ್ಕೆ ಈ ಗಡಿಯ ಶುದ್ಧತೆಯಷ್ಟು ದೊಡ್ಡ ಕಾರಣ ಬೇರೊಂದಿಲ್ಲ ಎಂದೇ ನಾನು ತಿಳಿದಿದ್ದೇನೆ. ಮೊದಲ ಟ್ರಾನ್ಸಿಸ್ಟರುಗಳನ್ನು ಮಾಡಿದ್ದು ಜರ್ಮೇನಿಯಮ್ಮಿನಲ್ಲಿ. ಅದರ ಆಕ್ಸೈಡ್ ನೀರಿನಲ್ಲಿ ಕರಗಿಹೋಗುತ್ತದೆ.

ಪದರ ಬೆಳೆಯುವ ವೇಗಕ್ಕೆ ಒಂದು ಸುಂದರವಾದ ನಿಯಮವಿದೆ. ಆಕ್ಸೈಡ್ ತೆಳುವಾಗಿದ್ದಾಗ ಗಡಿಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಪದರ ಬೆಳೆಯುತ್ತದೆ. ದಪ್ಪವಾಗುತ್ತ ಹೋದಂತೆ, ನೀರಿನ ಅಣುಗಳು ಆಗಲೇ ಬೆಳೆದ ಆಕ್ಸೈಡನ್ನು ದಾಟಿ ಗಡಿ ಮುಟ್ಟಬೇಕಾದ್ದರಿಂದ ವೇಗ ಕುಗ್ಗುತ್ತದೆ. ಬ್ರೂಸ್ ಡೀಲ್ ಮತ್ತು ಆಂಡ್ರ್ಯೂ ಗ್ರೋವ್ 1965ರಲ್ಲಿ ಈ ಎರಡನ್ನೂ ಒಂದೇ ಸಮೀಕರಣಕ್ಕೆ ತಂದರು:

x² + Ax = B(t + τ)

ಇಲ್ಲಿ x ಆಕ್ಸೈಡಿನ ದಪ್ಪ, t ಸಮಯ, τ ಎಂಬುದು ಮೊದಲೇ ಇದ್ದ ಪದರದ ಲೆಕ್ಕ. 1000 ಡಿಗ್ರಿಯ ನೀರಾವಿಗೆ ಅವರು ಕೊಟ್ಟ ಬೆಲೆಗಳಲ್ಲಿ A 0.226 ಮೈಕ್ರಾನ್, B ಗಂಟೆಗೆ 0.287 ಚದರ ಮೈಕ್ರಾನ್, τ ಸೊನ್ನೆ. ನಮಗೆ ಬೇಕಾದದ್ದು ಅರ್ಧ ಮೈಕ್ರಾನ್ ದಪ್ಪ. 0.25ಕ್ಕೆ 0.113 ಕೂಡಿಸಿ 0.287ರಿಂದ ಭಾಗಿಸಿದರೆ 1.26 ಗಂಟೆ, ಅಂದರೆ ಒಂದೂಕಾಲು ಗಂಟೆ ಸಾಕು. ಪದರದ ದಪ್ಪ ಎರಡರಷ್ಟು, ಒಂದು ಮೈಕ್ರಾನ್, ಬೇಕೆಂದರೆ ಸಮಯ ಎರಡರಷ್ಟಲ್ಲ, 4.27 ಗಂಟೆ. ಈ ಬೆಲೆಗಳು ಸ್ಫಟಿಕದ ಒಂದು ಬಗೆಯ ಕೊಯ್ತಕ್ಕೆ ಸಲ್ಲುವಂಥವು. ಮಾಸ್ ಚಿಪ್ಪುಗಳಿಗೆ ಬಳಸುವ ಇನ್ನೊಂದು ಕೊಯ್ತದಲ್ಲಿ ಆಕ್ಸೈಡ್ ಇನ್ನೂ ಸ್ವಲ್ಪ ನಿಧಾನವಾಗಿ ಬೆಳೆಯುತ್ತದೆ.

ಕುಲುಮೆಯಿಂದ ಹೊರಬಂದ ವೇಫರಿನ ಬೂದು ಕನ್ನಡಿ ಮಾಯವಾಗಿ ಬಣ್ಣ ಬಂದಿರುತ್ತದೆ. ಆಕ್ಸೈಡಿಗೆ ಸ್ವಂತ ಬಣ್ಣವಿಲ್ಲ. ಅದರ ಮೇಲ್ಭಾಗದಿಂದಲೂ ತಳದಿಂದಲೂ ಪ್ರತಿಫಲಿಸಿದ ಬೆಳಕುಗಳು ಕೂಡಿ, ಕಳೆದು ಆ ಬಣ್ಣ ಹುಟ್ಟುತ್ತದೆ. ಅರ್ಧ ಮೈಕ್ರಾನ್ ಆಗಿದ್ದರೆ ನೀಲಿ ಬೆರೆತ ಹಸಿರು. 0.1 ಮೈಕ್ರಾನ್ ಆಗಿದ್ದರೆ ಗಾಢ ನೇರಳೆ. ವೇಫರಿನ ನಡುವೆ ಒಂದು ಬಣ್ಣ, ಅಂಚಿನಲ್ಲಿ ಇನ್ನೊಂದು ಕಂಡರೆ ಕುಲುಮೆಯೊಳಗೆ ಬಿಸಿಯೋ ಅನಿಲವೋ ಸಮನಾಗಿ ಹರಡಿಲ್ಲ ಎಂದು ಯಾವ ಉಪಕರಣವೂ ಇಲ್ಲದೆ ಹೇಳಬಹುದು.

ಈ ಗಾಜು ಮರೆಯಾಗಿಯೂ ನಿಲ್ಲುತ್ತದೆ ಎನ್ನುವುದು ಗೊತ್ತಾದದ್ದು 1955ರಲ್ಲಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಲ್ ಫ್ರಾಷ್ ಮತ್ತು ಲಿಂಕನ್ ಡೆರಿಕ್ ಅವರ ಕುಲುಮೆಗೆ ಆಕಸ್ಮಿಕವಾಗಿ ನೀರಾವಿ ಸೇರಿ ವೇಫರಿನ ಮೇಲೆ ಆಕ್ಸೈಡ್ ಬೆಳೆಯಿತು. ಆ ಪದರ ಇದ್ದಲ್ಲಿ ಫಾಸ್ಫರಸ್ ಒಳಗೆ ಇಳಿಯುವುದಿಲ್ಲ, ಪದರ ತೆಗೆದಲ್ಲಿ ಮಾತ್ರ ಇಳಿಯುತ್ತದೆ ಎಂದು ಅವರು ಗುರುತಿಸಿದರು. ಆಕ್ಸೈಡಿನಲ್ಲಿ ಬೇಕಾದ ಕಡೆ ಕಿಟಕಿ ತೆಗೆದು, ಆ ಕಿಟಕಿಯ ಕೆಳಗಷ್ಟೇ ಸಿಲಿಕಾನಿನ ಗುಣ ಬದಲಿಸುವುದು ಅಲ್ಲಿಂದ ಸಾಧ್ಯವಾಯಿತು.

ಬೆಳಕಿನಲ್ಲಿ ಕಿಟಕಿ ಬರೆಯುವುದು

ಕಿಟಕಿಯ ಆಕಾರವನ್ನು ಬರೆಯಲು ಬೆಳಕು ಬೇಕು. ವೇಫರನ್ನು ತಿರುಗುವ ತಟ್ಟೆಯ ಮೇಲಿಟ್ಟು, ನಡುವೆ ಫೋಟೊರೆಸಿಸ್ಟ್ ಎಂಬ ಮಂದ ದ್ರವ ಸುರಿದು, ನಿಮಿಷಕ್ಕೆ ಸುಮಾರು 4000 ಸುತ್ತಿನಲ್ಲಿ ಅರ್ಧ ನಿಮಿಷ ತಿರುಗಿಸಿದರೆ ಒಂದು ಮೈಕ್ರಾನಿಗಿಂತ ತುಸು ದಪ್ಪದ ಸಮನಾದ ಪದರ ಉಳಿಯುತ್ತದೆ. ಬಿಸಿ ತಟ್ಟೆಯ ಮೇಲೆ 100 ಡಿಗ್ರಿಯ ಆಸುಪಾಸಿನಲ್ಲಿ ಒಂದು ನಿಮಿಷ ಇಟ್ಟು ಒಣಗಿಸುತ್ತಾರೆ. ಈ ಕೋಣೆಯ ದೀಪಗಳೆಲ್ಲ ಹಳದಿ, ಏಕೆಂದರೆ ರೆಸಿಸ್ಟ್ ನೀಲಿ ಮತ್ತು ಅತಿನೇರಳೆ ಬೆಳಕಿಗೆ ಬದಲಾಗುತ್ತದೆ, ಹಳದಿಗೆ ಬದಲಾಗುವುದಿಲ್ಲ.

ಬದಲಾವಣೆ ಏನೆಂದು ಒಂದಿಷ್ಟು ನಿಂತು ನೋಡಬೇಕು. ನಾವು ಬಳಸುವ ಪಾಸಿಟಿವ್ ರೆಸಿಸ್ಟಿನಲ್ಲಿ ಎರಡು ವಸ್ತುಗಳಿವೆ. ಒಂದು ನೊವೊಲ್ಯಾಕ್ ಎಂಬ ರಾಳ, ಕ್ಷಾರದಲ್ಲಿ ತಾನಾಗಿ ಕರಗುವಂಥದ್ದು. ಇನ್ನೊಂದು ಅದನ್ನು ಕರಗಗೊಡದಂತೆ ತಡೆಹಿಡಿಯುವ ಸಂಯುಕ್ತ. ಪಾದರಸ ದೀಪದ 365 ಅಥವಾ 436 ನ್ಯಾನೊಮೀಟರ್ ಬೆಳಕು ಬಿದ್ದಾಗ ಈ ತಡೆಯ ಅಣು ಒಡೆದು ಸಾರಜನಕ ಬಿಡುತ್ತದೆ, ಆಮೇಲೆ ನೀರಿನೊಡನೆ ಸೇರಿ ಆಮ್ಲವಾಗುತ್ತದೆ. ಆಮ್ಲ ಕ್ಷಾರದಲ್ಲಿ ಕರಗುತ್ತದೆ. ತಡೆಯುತ್ತಿದ್ದದ್ದೇ ಕರಗಲು ನೆರವಾಗುವ ವಸ್ತುವಾಗಿ ತಿರುಗುವುದರಿಂದ, ಬೆಳಕು ಬಿದ್ದ ಜಾಗ ಡೆವಲಪರಿನಲ್ಲಿ ಕರಗುವ ವೇಗ ಬೀಳದ ಜಾಗಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಆ ಕ್ರಿಯೆಗೆ ಬೇಕಾದ ನೀರು ಕೋಣೆಯ ಗಾಳಿಯ ತೇವದಿಂದಲೇ ಬರಬೇಕು. ಹಾಗಾಗಿ ಲಿಥೊಗ್ರಫಿ ಕೋಣೆಯ ತೇವಾಂಶವನ್ನು ಹಿಡಿತದಲ್ಲಿಡುವುದು ಕೆಲಸದ ಭಾಗವೇ ಆಗಿದೆ.

ಮಾಸ್ಕ್ ಎಂದರೆ ಕ್ರೋಮಿಯಮ್ ಚಿತ್ರವಿರುವ ಗಾಜಿನ ಫಲಕ. ಅದನ್ನು ವೇಫರಿಗೆ ತಾಗಿಸಿ ಅಥವಾ ಕೂದಲೆಳೆಯಷ್ಟು ಮೇಲೆ ಹಿಡಿದು ಬೆಳಕು ಹಾಯಿಸುತ್ತಾರೆ. ತಾಗಿಸಿದರೆ ಗೆರೆ ಚೊಕ್ಕ, ಆದರೆ ಮಾಸ್ಕಿಗೆ ಗೀರು, ಕೊಳೆ. ಮೇಲೆ ಹಿಡಿದರೆ ಮಾಸ್ಕ್ ಉಳಿಯುತ್ತದೆ, ಆದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ. ಹರಡುವಿಕೆ ಸರಿಸುಮಾರು ತರಂಗಾಂತರ ಮತ್ತು ಅಂತರಗಳ ಗುಣಲಬ್ಧದ ವರ್ಗಮೂಲದಷ್ಟು. 0.436 ಮೈಕ್ರಾನ್ ಬೆಳಕು, 10 ಮೈಕ್ರಾನ್ ಅಂತರ ಎಂದಾದರೆ ಅದು ಎರಡು ಮೈಕ್ರಾನ್ ದಾಟುತ್ತದೆ. ನಮ್ಮ 5 ಮೈಕ್ರಾನ್ ಗೇಟಿಗೆ ಇದು ಸಾಲದು, ತಾಗಿಸಲೇಬೇಕು. ದೊಡ್ಡ ಕಾರ್ಖಾನೆಗಳು ಈ ಇಕ್ಕಟ್ಟನ್ನು ಮಸೂರಗಳ ಮೂಲಕ ಚಿತ್ರವನ್ನು ಕಿರಿದುಗೊಳಿಸಿ ಮೂಡಿಸುವ ಯಂತ್ರಗಳಿಂದ ದಾಟಿದವು. ಈಗ ಅತಿ ಸಣ್ಣ ಗೆರೆಗಳಿಗೆ 13.5 ನ್ಯಾನೊಮೀಟರ್ ತರಂಗಾಂತರದ ಬೆಳಕು ಮತ್ತು ಕನ್ನಡಿಗಳಿವೆ. ಅದೇ ಬೇರೊಂದು ಲೇಖನದ ವಿಷಯ.

ಡೆವಲಪ್ ಆದ ವೇಫರನ್ನು ಸೂಕ್ಷ್ಮದರ್ಶಕದಡಿ ನೋಡದೆ ಮುಂದೆ ಕಳಿಸಬಾರದು. ಕಿಟಕಿಯ ಮೂಲೆಗಳಲ್ಲಿ ಮಸುಕಾದ ಬಣ್ಣದ ಪೊರೆ ಉಳಿದಿದ್ದರೆ ಬೆಳಕು ಸಾಲಲಿಲ್ಲ ಎಂದರ್ಥ. ಗೆರೆಗಳು ಮಾಸ್ಕಿನಲ್ಲಿರುವುದಕ್ಕಿಂತ ಸಣಕಲಾಗಿದ್ದರೆ ಬೆಳಕು ಹೆಚ್ಚಾಯಿತು. ರೆಸಿಸ್ಟನ್ನು ತೆಗೆದು ಮತ್ತೆ ಬಳಿಯುವ ಅವಕಾಶ ಇರುವುದು ಈ ಹಂತದಲ್ಲಿ ಮಾತ್ರ. ಮುಂದಿನದು ಎಚ್ಚಿಂಗ್, ಅದರಲ್ಲಿ ಹೋದದ್ದು ಹೋಯಿತು.

ಕಿಟಕಿಯೊಳಗಿನ ಆಕ್ಸೈಡನ್ನು ತೆಗೆಯಲು ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಅಮೋನಿಯಮ್ ಫ್ಲೋರೈಡ್ ಬೆರೆಸಿದ ದ್ರಾವಣ ಬಳಸುತ್ತಾರೆ. ಅದು ನಿಮಿಷಕ್ಕೆ ಸುಮಾರು 100 ನ್ಯಾನೊಮೀಟರ್ ಆಕ್ಸೈಡನ್ನು ಕರಗಿಸುತ್ತದೆ, ಸಿಲಿಕಾನನ್ನು ಮುಟ್ಟುವುದಿಲ್ಲ ಎಂದೇ ಹೇಳಬಹುದು. ಐದಾರು ನಿಮಿಷದ ಕೆಲಸ. ಮುಗಿದದ್ದನ್ನು ತಿಳಿಯುವ ಬಗೆ ಬಹಳ ಸರಳ: ಆಕ್ಸೈಡಿಗೆ ನೀರು ಅಂಟುತ್ತದೆ, ಬರಿಯ ಸಿಲಿಕಾನಿಗೆ ಅಂಟುವುದಿಲ್ಲ. ಜೊತೆಗಿಟ್ಟ ಪರೀಕ್ಷಾ ವೇಫರನ್ನು ಎತ್ತಿದಾಗ ನೀರು ಪೂರ್ತಿ ಜಾರಿ ಅದು ಒಣಗಿ ಬಂದರೆ ಆಕ್ಸೈಡ್ ಹೋಗಿದೆ. ಇಷ್ಟು ಸುಲಭವಾಗಿ ಕೆಲಸ ಮಾಡುವ ಈ ಆಮ್ಲ ತೀರ ಅಪಾಯಕಾರಿ ಕೂಡ. ಚರ್ಮಕ್ಕೆ ತಗುಲಿದಾಗ ಕೂಡಲೇ ಉರಿಯದೆ ಒಳಗಿಳಿದು ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಮ್ ಗ್ಲೂಕೋನೇಟ್ ಮುಲಾಮು ಕೈಗೆಟುಕುವಲ್ಲಿ ಇಲ್ಲದ ಕಡೆ ಆ ಬಾಟಲಿಯನ್ನು ತೆರೆಯಲೇಬಾರದು.

ದ್ರವದ ಎಚ್ಚಿಂಗ್ ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ಹೋಗುತ್ತದೆ. ಅರ್ಧ ಮೈಕ್ರಾನ್ ಕೆಳಗಿಳಿಯುವಷ್ಟರಲ್ಲಿ ರೆಸಿಸ್ಟಿನ ಅಡಿಗೆ ಪಕ್ಕಕ್ಕೂ ಅರ್ಧ ಮೈಕ್ರಾನ್ ಕೊರೆದಿರುತ್ತದೆ. ಹತ್ತಾರು ಮೈಕ್ರಾನ್ ಅಗಲದ ಕಿಟಕಿಗೆ ಇದರಿಂದ ತೊಂದರೆಯಿಲ್ಲ. ಗೇಟಿಗೆ ಮಾತ್ರ ಇದು ಆಗಿಬರುವುದಿಲ್ಲ.

ಸರದಿ ತಿರುಗಿದ್ದು

ಇಲ್ಲಿಗೆ ನಮ್ಮ ಮುಖ್ಯ ವಿಷಯ ಬಂತು. ಕಿಟಕಿ ತೆರೆದಿದೆ, ಒಳಗೆ ಬರಿಯ ಸಿಲಿಕಾನ್ ಇದೆ. ಈಗ ಮೊದಲು ಏನು ಮಾಡಬೇಕು?

1960ರ ದಶಕದ ಮೊದಲ ಭಾಗದಲ್ಲಿ ಸೋರ್ಸು ಡ್ರೇನುಗಳನ್ನು ಮೊದಲು ಮಾಡುತ್ತಿದ್ದರು. ಅವಕ್ಕೆ ಹೆಚ್ಚು ಬಿಸಿ ಬೇಕು, ಗೇಟಿಗೆ ಬಳಸುತ್ತಿದ್ದ ಅಲ್ಯೂಮಿನಿಯಮ್ 660 ಡಿಗ್ರಿಗೇ ಕರಗುತ್ತದೆ. ಆದ್ದರಿಂದ ಗೇಟ್ ಕೊನೆಗೆ ಬರಲೇಬೇಕಿತ್ತು. ಆದರೆ ಗೇಟಿನ ಮಾಸ್ಕನ್ನು ಸೋರ್ಸು ಡ್ರೇನುಗಳ ಮೇಲೆ ಕಣ್ಣಿನಿಂದ ಹೊಂದಿಸುವಾಗ ಒಂದು ಮೈಕ್ರಾನ್ ಆಚೀಚೆ ಆಗುವುದು ಸಹಜ. ಗೇಟ್ ಒಂದು ಕಡೆಗೆ ಸರಿದು ಡ್ರೇನನ್ನು ಮುಟ್ಟದೆ ಹೋದರೆ ಆ ತುಂಡು ಜಾಗದಲ್ಲಿ ಹಾದಿ ತೆರೆಯುವುದೇ ಇಲ್ಲ, ಟ್ರಾನ್ಸಿಸ್ಟರ್ ಸತ್ತಂತೆ. ಹಾಗಾಗದಿರಲೆಂದು 5 ಮೈಕ್ರಾನ್ ಹಾದಿಗೆ 7 ಮೈಕ್ರಾನಿನ ಗೇಟ್ ಬರೆಯುತ್ತಾರೆ, ಎರಡೂ ಕಡೆ ಒಂದೊಂದು ಮೈಕ್ರಾನ್ ಮೇಲೇರಿ ಕೂರಲಿ ಎಂದು. ಈ ಮೇಲೇರಿದ ಭಾಗ ಬೇಡದ ಕೆಪಾಸಿಟರ್. ಗೇಟಿನ ವಿಸ್ತೀರ್ಣ ಶೇಕಡಾ 40ರಷ್ಟು ಹೆಚ್ಚಿತು, ಅಷ್ಟನ್ನೂ ಪ್ರತಿ ಸಲ ತುಂಬಿಸಿ ಖಾಲಿ ಮಾಡಬೇಕು. ಡ್ರೇನಿನ ಕಡೆಯ ಭಾಗದ ಕಾಟ ಇನ್ನೂ ಹೆಚ್ಚು, ಏಕೆಂದರೆ ಗೇಟಿನ ವೋಲ್ಟೇಜ್ ಏರುವಾಗ ಡ್ರೇನಿನದು ಇಳಿಯುತ್ತದೆ, ಆ ಕೆಪಾಸಿಟರ್ ತನ್ನ ಗಾತ್ರಕ್ಕಿಂತ ದೊಡ್ಡದಾಗಿ ವರ್ತಿಸುತ್ತದೆ. ಸರ್ಕ್ಯೂಟ್ ನಿಧಾನವಾಗುತ್ತದೆ.

ಪರಿಹಾರ ಎರಡು ಕಡೆಯಿಂದ ಬಂತು. ಹ್ಯೂಸ್ ಕಂಪನಿಯ ರಾಬರ್ಟ್ ಬೋವರ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಿಧಾನದಲ್ಲಿ ಗೇಟನ್ನು ಮೊದಲು ಮಾಡಿ, ಅದನ್ನೇ ಮರೆಯಾಗಿಟ್ಟುಕೊಂಡು ಅಕ್ಕಪಕ್ಕದ ಸಿಲಿಕಾನಿಗೆ ಅಯಾನುಗಳನ್ನು ಹೊಡೆಯುತ್ತಿದ್ದರು. ಗೇಟ್ ಅಲ್ಯೂಮಿನಿಯಮ್ಮಿನದೇ ಆದ್ದರಿಂದ ಆಮೇಲೆ ಹೆಚ್ಚು ಬಿಸಿ ಮಾಡುವಂತಿರಲಿಲ್ಲ. ಇನ್ನೊಂದು ಕಡೆ ಬೆಲ್ ಲ್ಯಾಬ್ಸ್‌ನವರು ಗೇಟನ್ನು ಸಿಲಿಕಾನಿನಿಂದಲೇ ಮಾಡಬಹುದೆಂದು ತೋರಿಸಿದರು. ಅದು 1400 ಡಿಗ್ರಿ ದಾಟುವವರೆಗೆ ಕರಗುವುದಿಲ್ಲ. ಅದನ್ನು ಕಾರ್ಖಾನೆಯಲ್ಲಿ ನಡೆಯುವ ವಿಧಾನವಾಗಿ ಮಾಡಿದವರು ಇಟಲಿಯಿಂದ ಬಂದು 1968ರಲ್ಲಿ ಫೇರ್‌ಚೈಲ್ಡ್ ಸೇರಿದ ಫೆಡೆರಿಕೊ ಫಾಜಿನ್. ಅವರು ಡೋಪಿಂಗಿಗೆ ಬಳಸಿದ್ದು ಅಯಾನುಗಳನ್ನಲ್ಲ, ಬಿಸಿಯಲ್ಲಿ ಇಳಿಸುವ ಹಳೆಯ ವಿಧಾನವನ್ನೇ. ಅದೇ ಫಾಜಿನ್ ಆಮೇಲೆ ಇಂಟೆಲ್ಲಿಗೆ ಹೋಗಿ, 1971ರಲ್ಲಿ ಹೊರಬಂದ ಸುಮಾರು 2300 ಟ್ರಾನ್ಸಿಸ್ಟರುಗಳ 4004 ಮೈಕ್ರೊಪ್ರೊಸೆಸರಿನ ವಿನ್ಯಾಸವನ್ನು ಮುನ್ನಡೆಸಿದರು. ಸಿಲಿಕಾನ್ ಗೇಟ್ ಮತ್ತು ಅಯಾನ್ ಇಂಪ್ಲಾಂಟೇಶನ್, ಎರಡೂ ಕೂಡಿದ ಮೇಲೆ ನಾವೀಗ ಮಾಡುತ್ತಿರುವ ಟ್ರಾನ್ಸಿಸ್ಟರ್ ರೂಪುಗೊಂಡಿತು.

ಹಾಗಾದರೆ ಗೇಟ್ ಮೊದಲು. ವೇಫರನ್ನು ಮತ್ತೆ ತೊಳೆದು, ಈ ಸಲ ನೀರಾವಿಯಿಲ್ಲದ ಒಣ ಆಕ್ಸಿಜನ್ನಿನಲ್ಲಿ 1000 ಡಿಗ್ರಿಗೆ ಸುಮಾರು ಒಂದು ಗಂಟೆ ಇಟ್ಟರೆ 50 ನ್ಯಾನೊಮೀಟರ್ ಆಕ್ಸೈಡ್ ಬರುತ್ತದೆ. ಒಣ ಆಕ್ಸಿಡೇಶನ್ ನಿಧಾನ, ಆದರೆ ಪದರ ಹೆಚ್ಚು ಗಟ್ಟಿ. ಇಡೀ ಚಿಪ್ಪಿನಲ್ಲಿ ಇದರಷ್ಟು ಎಚ್ಚರ ಬೇಡುವ ಪದರ ಮತ್ತೊಂದಿಲ್ಲ. ತಡಮಾಡದೆ ಇದರ ಮೇಲೆ ಸೈಲೇನ್ ಅನಿಲದಿಂದ 620 ಡಿಗ್ರಿಯಲ್ಲಿ 400 ನ್ಯಾನೊಮೀಟರ್ ಸಿಲಿಕಾನ್ ಕೂರಿಸುತ್ತಾರೆ. ಗಾಜಿನ ಮೇಲೆ ಕೂತದ್ದರಿಂದ ಅದು ಒಂದೇ ಸ್ಫಟಿಕವಾಗದೆ ಸಣ್ಣ ಹರಳುಗಳ ಪದರವಾಗುತ್ತದೆ, ಇದಕ್ಕೆ ಪಾಲಿಸಿಲಿಕಾನ್ ಎಂದು ಹೆಸರು. ಮತ್ತೆ ರೆಸಿಸ್ಟ್, ಎರಡನೆಯ ಮಾಸ್ಕ್, ಬೆಳಕು, ಡೆವಲಪ್.

ಈಗಿನ ಎಚ್ಚಿಂಗ್ ದ್ರವದಲ್ಲಿ ಆಗುವುದಿಲ್ಲ. ಪಕ್ಕಕ್ಕೂ ಕೊರೆದು 5 ಮೈಕ್ರಾನ್ ಗೇಟ್ 4.2 ಆಗಿಬಿಡುತ್ತದೆ. ಹಾಗಾಗಿ ನಿರ್ವಾತದ ಪಾತ್ರೆಯಲ್ಲಿ ಕ್ಲೋರಿನ್, ಹೈಡ್ರೋಜನ್ ಬ್ರೋಮೈಡ್ ಅನಿಲಗಳಿಗೆ ರೇಡಿಯೊ ಆವರ್ತನದ ವಿದ್ಯುತ್ ಕೊಟ್ಟು ಪ್ಲಾಸ್ಮಾ ಎಬ್ಬಿಸುತ್ತಾರೆ. ಅಯಾನುಗಳು ವೇಫರಿನ ಕಡೆಗೆ ನೇರ ಕೆಳಮುಖವಾಗಿ ಬರುತ್ತವೆ. ಅವು ಬಡಿದ ತಳದಲ್ಲಿ ರಾಸಾಯನಿಕ ಕ್ರಿಯೆ ಚುರುಕಾಗಿ ಸಿಲಿಕಾನ್ ಅನಿಲವಾಗಿ ಹೊರಟುಹೋಗುತ್ತದೆ. ಪಕ್ಕದ ಗೋಡೆಗೆ ಅಯಾನು ಬಡಿಯುವುದಿಲ್ಲ, ಅಲ್ಲಿ ತೆಳುವಾದ ಪೊರೆಯೊಂದು ಕಟ್ಟಿಕೊಂಡು ಗೋಡೆ ನೆಟ್ಟಗೆ ಉಳಿಯುತ್ತದೆ.

ಎಲ್ಲಿ ನಿಲ್ಲಿಸಬೇಕು ಎನ್ನುವುದು ಇಲ್ಲಿಯ ನಿಜವಾದ ಕಷ್ಟ. ವೇಫರಿನ ಎಲ್ಲ ಕಡೆ ಪದರ ಒಂದೇ ದಪ್ಪವಿರುವುದಿಲ್ಲ, ಆದ್ದರಿಂದ ಮುಗಿಯಿತು ಎನ್ನಿಸಿದ ಮೇಲೂ ಶೇಕಡಾ 20ರಷ್ಟು ಹೆಚ್ಚು ಹೊತ್ತು ಓಡಿಸಬೇಕು. ಅದು 80 ನ್ಯಾನೊಮೀಟರ್ ಪಾಲಿಸಿಲಿಕಾನ್ ತೆಗೆಯುವಷ್ಟು ಸಮಯ. ಆ ಹೊತ್ತಿನಲ್ಲಿ, ಬೇಗ ಖಾಲಿಯಾದ ಕಡೆಗಳಲ್ಲಿ ಅಯಾನುಗಳು ತೆಳುವಾದ ಗೇಟ್ ಆಕ್ಸೈಡನ್ನು ಬಡಿಯುತ್ತಿರುತ್ತವೆ. ಪಾಲಿಸಿಲಿಕಾನ್ ಆಕ್ಸೈಡಿಗಿಂತ 20 ಪಟ್ಟು ಬೇಗ ಹೋಗುವ ಅನಿಲ ಮಿಶ್ರಣವಿದ್ದರೆ ಆಕ್ಸೈಡಿನಲ್ಲಿ 4 ನ್ಯಾನೊಮೀಟರ್ ಮಾತ್ರ ಹೋಗುತ್ತದೆ, 50ರಲ್ಲಿ 4 ದೊಡ್ಡದಲ್ಲ. ಅನುಪಾತ 5 ಪಟ್ಟಿಗೆ ಇಳಿದರೆ 16 ಹೋಗುತ್ತದೆ. ಆಕ್ಸೈಡೇ ಎರಡು ನ್ಯಾನೊಮೀಟರ್ ಇರುವ ಚಿಪ್ಪಿನಲ್ಲಿ ಈ ಲೆಕ್ಕ ಎಷ್ಟು ಬಿಗಿಯಾಗುತ್ತದೆ ಎಂದು ಓದುಗರೇ ಹಾಕಿ ನೋಡಬಹುದು. ಪ್ಲಾಸ್ಮಾದ ಬೆಳಕನ್ನು ಕಾಯುತ್ತ, ಸಿಲಿಕಾನ್ ಸಂಯುಕ್ತಗಳಿಂದ ಬರುವ ಬಣ್ಣ ಕುಂದಿದ ಕ್ಷಣವನ್ನು ಹಿಡಿದು ಯಂತ್ರ ಮಿದುವಾದ ಎಚ್ಚಿಂಗಿಗೆ ಬದಲಾಗುತ್ತದೆ.

ಅಯಾನುಗಳ ಸುರಿಮಳೆ

ಗೇಟ್ ನಿಂತಿದೆ. ಈಗ ಅಯಾನ್ ಇಂಪ್ಲಾಂಟೇಶನ್ ಯಂತ್ರ. ಆರ್ಸೀನ್ ಅನಿಲವನ್ನು ಒಡೆದು ಆರ್ಸೆನಿಕ್ ಅಯಾನುಗಳನ್ನು ಮಾಡಿ, ಅಯಸ್ಕಾಂತದಲ್ಲಿ ಬಾಗಿಸಿ, ಬೇಕಾದ ತೂಕದ ಅಯಾನುಗಳನ್ನಷ್ಟೇ ಸೀಳಿನ ಮೂಲಕ ಹಾಯಿಸಿ, 80 ಸಾವಿರ ವೋಲ್ಟಿನಲ್ಲಿ ವೇಫರಿಗೆ ಹೊಡೆಯುತ್ತಾರೆ. ಈ ಶಕ್ತಿಯಲ್ಲಿ ಆರ್ಸೆನಿಕ್ ಸಿಲಿಕಾನಿನೊಳಗೆ ಸರಾಸರಿ 50 ನ್ಯಾನೊಮೀಟರಿನಷ್ಟು ಇಳಿಯುತ್ತದೆ. ಗೇಟಿನ ಪಾಲಿಸಿಲಿಕಾನ್ 400 ನ್ಯಾನೊಮೀಟರ್ ದಪ್ಪ, ಆದ್ದರಿಂದ ಗೇಟಿನ ಮೇಲೆ ಬಿದ್ದದ್ದು ಗೇಟಿನಲ್ಲೇ ನಿಂತು ಅದನ್ನು ವಾಹಕವನ್ನಾಗಿ ಮಾಡುತ್ತದೆ. ಸುತ್ತಲ ಅರ್ಧ ಮೈಕ್ರಾನ್ ಆಕ್ಸೈಡಿನ ಮೇಲೆ ಬಿದ್ದದ್ದು ಅಲ್ಲೇ ಉಳಿಯುತ್ತದೆ. ಗೇಟಿಗೂ ಕಿಟಕಿಯ ಅಂಚಿಗೂ ನಡುವೆ, ತೆಳು ಆಕ್ಸೈಡನ್ನು ತೆಗೆದ ಜಾಗದಲ್ಲಿ ಮಾತ್ರ ಅದು ಸಿಲಿಕಾನಿಗೆ ಇಳಿದು ಸೋರ್ಸು ಡ್ರೇನುಗಳಾಗುತ್ತದೆ. ಗೋಡೆಯಲ್ಲಿರುವ ಸ್ವಿಚ್ ಬೋರ್ಡನ್ನು ತೆಗೆಯದೆ ಬಣ್ಣ ಸಿಂಪಡಿಸಿದರೆ, ಯಾರೂ ಅಳತೆ ಮಾಡದಿದ್ದರೂ ಬಣ್ಣ ಬೋರ್ಡಿನ ಅಂಚಿಗೇ ಬಂದು ನಿಲ್ಲುತ್ತದಲ್ಲ, ಹಾಗೆ. ಗೇಟಿನ ಮಾಸ್ಕ್ ಒಂದು ಮೈಕ್ರಾನ್ ಸರಿದಿದ್ದರೂ ಚಿಂತೆಯಿಲ್ಲ, ಸೋರ್ಸು ಡ್ರೇನುಗಳ ಅಂಚುಗಳೂ ಅದರೊಡನೆಯೇ ಸರಿಯುತ್ತವೆ.

ಎಷ್ಟು ಆರ್ಸೆನಿಕ್ ಹೋಯಿತು ಎಂದು ಎಣಿಸುವ ಬಗೆಯೂ ನನಗೆ ತುಂಬ ಇಷ್ಟವಾದದ್ದು. ಪ್ರತಿ ಅಯಾನೂ ಒಂದು ವಿದ್ಯುದಂಶ ಹೊತ್ತಿರುವುದರಿಂದ ಕರೆಂಟನ್ನು ಅಳೆದರೆ ಸಾಕು. ಚದರ ಸೆಂಟಿಮೀಟರಿಗೆ 5 × 10¹⁵ ಬೇಕು, ವೇಫರಿನ ವಿಸ್ತೀರ್ಣ 78.5 ಚದರ ಸೆಂಟಿಮೀಟರ್, ಒಂದು ಅಯಾನಿನ ವಿದ್ಯುದಂಶ 1.6 × 10⁻¹⁹ ಕೂಲಂಬ್. ಗುಣಿಸಿದರೆ 0.063 ಕೂಲಂಬ್. ಕಿರಣದ ಕರೆಂಟ್ ಒಂದು ಮಿಲಿಆಂಪಿಯರ್ ಇದ್ದು ಎಲ್ಲವೂ ವೇಫರಿಗೇ ಬಿದ್ದರೆ 63 ಸೆಕೆಂಡಿನ ಕೆಲಸ. ಕುಲುಮೆಯಲ್ಲಿ ಅನಿಲದಿಂದ ಇಳಿಸುವ ಹಳೆಯ ವಿಧಾನಕ್ಕೆ ಈ ಲೆಕ್ಕದ ನಿಖರತೆ ಎಂದೂ ಬರಲಿಲ್ಲ. ಆದರೂ ಇಲ್ಲೊಂದು ಮೋಸವಿದೆ. ಅಯಾನು ಬಡಿದಾಗ ವೇಫರಿನಿಂದ ಎಲೆಕ್ಟ್ರಾನುಗಳು ಸಿಡಿಯುತ್ತವೆ. ಅವು ತಪ್ಪಿಸಿಕೊಂಡು ಹೋದರೆ ಮೀಟರ್ ಹೆಚ್ಚು ಕರೆಂಟ್ ತೋರಿಸಿ ಯಂತ್ರ ಬೇಗ ನಿಲ್ಲುತ್ತದೆ, ಡೋಪಿಂಗ್ ಕಡಿಮೆಯಾಗುತ್ತದೆ. ಅವನ್ನು ಹಿಂದಕ್ಕೆ ತಳ್ಳಲು ಋಣ ವೋಲ್ಟೇಜಿನ ಬಳೆ ಇಡುತ್ತಾರೆ.

ಇನ್ನೊಂದು ಎಚ್ಚರ ದಿಕ್ಕಿನದು. ಸ್ಫಟಿಕದ ಪರಮಾಣು ಸಾಲುಗಳ ನಡುವಿನ ಓಣಿಗೆ ನೇರವಾಗಿ ಹೊಕ್ಕ ಅಯಾನು ಯಾರಿಗೂ ಡಿಕ್ಕಿಯಾಗದೆ ಬಹಳ ಆಳಕ್ಕೆ ಹೋಗಿಬಿಡುತ್ತದೆ. ಅದನ್ನು ತಪ್ಪಿಸಲು ವೇಫರನ್ನು 7 ಡಿಗ್ರಿ ವಾಲಿಸುತ್ತಾರೆ. ವಾಲಿಸಿದ್ದಕ್ಕೆ ಬೆಲೆ ಇದೆ: 400 ನ್ಯಾನೊಮೀಟರ್ ಎತ್ತರದ ಗೇಟ್ ಒಂದು ಪಕ್ಕಕ್ಕೆ 49 ನ್ಯಾನೊಮೀಟರ್ ನೆರಳು ಹಾಕುತ್ತದೆ, ಅಲ್ಲಿ ಅಯಾನು ಬೀಳುವುದಿಲ್ಲ. ನಮ್ಮ ದೊಡ್ಡ ಟ್ರಾನ್ಸಿಸ್ಟರಿನಲ್ಲಿ ಮುಂದಿನ ಬಿಸಿಯಲ್ಲಿ ಆರ್ಸೆನಿಕ್ ಪಕ್ಕಕ್ಕೆ ಹರಡಿ ಆ ಕೊರತೆ ತುಂಬಿಕೊಳ್ಳುತ್ತದೆ. ಸಣ್ಣ ಟ್ರಾನ್ಸಿಸ್ಟರುಗಳಲ್ಲಿ ಹರಡಲು ಬಿಡುವಂತಿಲ್ಲ, ಅದಕ್ಕೆ ವೇಫರನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ನಾಲ್ಕು ಪಾಲಾಗಿ ಹೊಡೆಯುತ್ತಾರೆ.

ಇಷ್ಟು ಹೊಡೆತ ತಿಂದ ಸಿಲಿಕಾನಿನ ಮೇಲ್ಪದರ ಸ್ಫಟಿಕವಾಗಿ ಉಳಿದಿರುವುದಿಲ್ಲ. ಆರ್ಸೆನಿಕ್ ಒಳಗಿದ್ದರೂ ಸರಿಯಾದ ಸ್ಥಾನದಲ್ಲಿ ಕೂತಿಲ್ಲ, ಆದ್ದರಿಂದ ಎಲೆಕ್ಟ್ರಾನ್ ಕೊಡುವುದಿಲ್ಲ. ಸಾರಜನಕದಲ್ಲಿ 950 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದಾಗ, ಕೆಳಗಿನ ಒಳ್ಳೆಯ ಸ್ಫಟಿಕವನ್ನು ಹಿಡಿದು ಮೇಲಿನ ಪರಮಾಣುಗಳು ಮತ್ತೆ ಸಾಲುಗೂಡುತ್ತವೆ, ಆರ್ಸೆನಿಕ್ ಸಿಲಿಕಾನಿನ ಜಾಗಗಳಲ್ಲಿ ಕೂರುತ್ತದೆ. ಅಲ್ಯೂಮಿನಿಯಮ್ ಗೇಟ್ ಈ ಹಂತವನ್ನು ತಡೆಯುತ್ತಿರಲಿಲ್ಲ. ಪಾಲಿಸಿಲಿಕಾನಿಗೆ ಏನೂ ಆಗುವುದಿಲ್ಲ. 2007ರಲ್ಲಿ ಇಂಟೆಲ್ 45 ನ್ಯಾನೊಮೀಟರ್ ತಲೆಮಾರಿನಲ್ಲಿ ಲೋಹದ ಗೇಟಿಗೆ ಮರಳಿದಾಗಲೂ ಈ ಸರದಿ ಬಿಡಲಿಲ್ಲ. ಮೊದಲು ಪಾಲಿಸಿಲಿಕಾನ್ ಗೇಟನ್ನು ನಿಲ್ಲಿಸಿ, ಇಂಪ್ಲಾಂಟೇಶನ್ ಮತ್ತು ಬಿಸಿ ಮುಗಿದ ಮೇಲೆ ಅದನ್ನು ಕೊರೆದು ತೆಗೆದು, ಆ ಗುಳಿಯಲ್ಲಿ ಲೋಹ ತುಂಬಿದರು.

ಉಳಿದ ಎರಡು ಮಾಸ್ಕುಗಳ ಕೆಲಸ ಬೇಗ ಹೇಳಿ ಮುಗಿಸಬಹುದು. ಎಲ್ಲದರ ಮೇಲೆ ಆಕ್ಸೈಡ್ ಕೂರಿಸಿ, ಅದರಲ್ಲಿ ಸಂಪರ್ಕದ ತೂತುಗಳನ್ನು ಎಚ್ ಮಾಡಿ, ಒಂದಿಷ್ಟು ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಮ್ ಹರಡಿ ತಂತಿಗಳಾಗಿ ಕತ್ತರಿಸುತ್ತಾರೆ. ಬೆರೆಸದಿದ್ದರೆ ಅಲ್ಯೂಮಿನಿಯಮ್ ಕೆಳಗಿನ ಸಿಲಿಕಾನನ್ನು ಕರಗಿಸಿಕೊಂಡು, ಮುಳ್ಳಿನಂತೆ ಇಳಿದು ಸೋರ್ಸಿನ ತಳವನ್ನೇ ಚುಚ್ಚುತ್ತದೆ. ಕೊನೆಗೆ ಹೈಡ್ರೋಜನ್ ಬೆರೆಸಿದ ಸಾರಜನಕದಲ್ಲಿ 450 ಡಿಗ್ರಿಗೆ ಕಾಯಿಸಿದರೆ, ಸಿಲಿಕಾನ್ ಆಕ್ಸೈಡ್ ಗಡಿಯಲ್ಲಿ ಜೊತೆಯಿಲ್ಲದೆ ಉಳಿದ ಬಂಧಗಳಿಗೆ ಹೈಡ್ರೋಜನ್ ಅಂಟಿ ಗಡಿ ಶಾಂತವಾಗುತ್ತದೆ.

ಮೊದಲ ದಿನದ ತೊಳೆತ ಸರಿಯಾಗಿತ್ತೇ ಎಂಬ ಪ್ರಶ್ನೆಗೆ ಈಗ ಉತ್ತರ ಸಿಗುತ್ತದೆ. ಬೆವರಿನಿಂದಲೋ ಗಾಜಿನ ಪಾತ್ರೆಯಿಂದಲೋ ಬಂದ ಸೋಡಿಯಮ್ ಗೇಟ್ ಆಕ್ಸೈಡಿನೊಳಗೆ ಸೇರಿದ್ದರೆ ಅದು ಧನ ಅಯಾನಾಗಿ ಓಡಾಡುತ್ತದೆ. ಚದರ ಸೆಂಟಿಮೀಟರಿಗೆ 10¹¹ ಇದ್ದರೂ, ಅಂದರೆ ಮೇಲ್ಮೈಯ ಸುಮಾರು ಏಳು ಸಾವಿರ ಸಿಲಿಕಾನ್ ಪರಮಾಣುಗಳಿಗೆ ಒಂದು, ನಮ್ಮ 50 ನ್ಯಾನೊಮೀಟರ್ ಆಕ್ಸೈಡಿನಲ್ಲಿ ಟ್ರಾನ್ಸಿಸ್ಟರ್ ತೆರೆದುಕೊಳ್ಳುವ ವೋಲ್ಟೇಜು 0.23 ವೋಲ್ಟಿನಷ್ಟು ಕೆಳಗೆ ಜಾರುತ್ತದೆ. ಇದನ್ನು ಹಿಡಿಯಲು ವೇಫರಿನ ಮೇಲೆಯೇ ಮಾಡಿಟ್ಟ ದೊಡ್ಡ ಕೆಪಾಸಿಟರಿನ ಕೆಪಾಸಿಟನ್ಸನ್ನು ವೋಲ್ಟೇಜ್ ಬದಲಿಸುತ್ತ ಅಳೆದು ಒಂದು ರೇಖೆ ಬರೆಯುತ್ತಾರೆ. ಆಮೇಲೆ ಗೇಟಿಗೆ ಧನ ವೋಲ್ಟೇಜ್ ಕೊಟ್ಟು, 200 ಡಿಗ್ರಿಗೆ ಕೆಲವು ನಿಮಿಷ ಕಾಯಿಸಿ, ಆ ವೋಲ್ಟೇಜ್ ಇರುವಂತೆಯೇ ಆರಿಸಿ ಮತ್ತೆ ಅಳೆಯುತ್ತಾರೆ. ಬಿಸಿಯಲ್ಲಿ ಸೋಡಿಯಮ್ ಗೇಟಿನಿಂದ ದೂರ, ಸಿಲಿಕಾನಿನ ಗಡಿಗೆ ಸರಿದಿರುತ್ತದೆ. ಎರಡು ರೇಖೆಗಳು ಒಂದರ ಮೇಲೊಂದು ಕೂತರೆ ಆಕ್ಸೈಡ್ ಶುದ್ಧವಾಗಿದೆ. ಎರಡನೆಯದು ಎಡಕ್ಕೆ ಸರಿದಿದ್ದರೆ ಸೋಡಿಯಮ್ ಇದೆ, ಎಷ್ಟು ಸರಿಯಿತು ಎನ್ನುವುದರಿಂದ ಎಷ್ಟಿದೆ ಎಂದೂ ತಿಳಿಯುತ್ತದೆ. ಆಗ ಆ ವೇಫರುಗಳನ್ನು ಪಕ್ಕಕ್ಕಿಟ್ಟು ಕುಲುಮೆಯ ಕೊಳವೆ, ತೊಳೆಯುವ ತೊಟ್ಟಿ, ಆಮ್ಲದ ಬಾಟಲಿ ಇವುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋಗಬೇಕು.